ಎಚ್1ಎನ್1 ಮೊದಲೇ ಇತ್ತಲ್ಲ, 2009ರಲ್ಲಿ ಅದು ಹೊಸದಾದದ್ದು ಹೇಗೆ?

ಚೈತ್ರಾ_04

ಸೂಕ್ಷ್ಮಜೀವಿಶಾಸ್ತ್ರದ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಇನ್ಫ್ಲುಯೆಂಜಾ ಪಾಠದಲ್ಲಿ ಒಂದು ಗಂಟು ಬಿಡಿಸಲಾಗುತ್ತಿಲ್ಲ. ವೈರಾಣುವಿನ ಎಚ್, ಎನ್ ಎಂಬ ಮೇಲ್ಮೈ ಪ್ರೋಟೀನುಗಳು ವರ್ಷದಿಂದ ವರ್ಷಕ್ಕೆ ಚೂರುಚೂರೇ ಬದಲಾಗುವುದು ಡ್ರಿಫ್ಟ್, ಅದರಿಂದ ಪ್ರತಿ ವರ್ಷದ ಫ್ಲೂ. ಎಚ್ ಸಂಖ್ಯೆಯೇ ಬದಲಾಗುವುದು ಶಿಫ್ಟ್, ಅದರಿಂದ ಜಾಗತಿಕ ಪಿಡುಗು. ನನ್ನ ಟಿಪ್ಪಣಿಯಲ್ಲಿ ಹೀಗಿದೆ. 1957ರಲ್ಲಿ ಎಚ್1 ಹೋಗಿ ಎಚ್2 ಬಂತು, 1968ರಲ್ಲಿ ಎಚ್2 ಹೋಗಿ ಎಚ್3 ಬಂತು. ಇಲ್ಲಿಯವರೆಗೆ ಲೆಕ್ಕ ಕೂಡುತ್ತದೆ.

ಆದರೆ 2009ರ ಪಿಡುಗಿನ ವೈರಾಣು ಎಚ್1ಎನ್1. ಅದಕ್ಕೂ ಮೊದಲು, 1977ರಿಂದಲೇ, ಮನುಷ್ಯರಲ್ಲಿ ಒಂದು ಎಚ್1ಎನ್1 ವರ್ಷವರ್ಷವೂ ಓಡಾಡುತ್ತಿತ್ತು. ಹೆಸರು ಒಂದೇ ಆಗಿರುವಾಗ ಇದನ್ನು ಶಿಫ್ಟ್ ಎನ್ನುವುದು ಹೇಗೆ? ಯಾರಾದರೂ ಬಿಡಿಸಿ ಹೇಳುತ್ತೀರಾ?

ನಿವೃತ್ತ ಮೇಷ್ಟ್ರು

ಚೈತ್ರಾ, ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವನು ನಾನು. ನಿನ್ನ ಟಿಪ್ಪಣಿ ಸರಿಯಾಗಿಯೇ ಇದೆ. ಎಚ್ ಸಂಖ್ಯೆ ಬದಲಾಗದಿದ್ದರೆ ಅದು ಶಿಫ್ಟ್ ಅಲ್ಲ. ಹಾಗಾಗಿ 2009ರದ್ದನ್ನು ದೊಡ್ಡ ಡ್ರಿಫ್ಟ್ ಎಂದೇ ತಿಳಿಯಬೇಕು. ಹನಿ ಹನಿ ಕೂಡಿದರೆ ಹಳ್ಳ. 1977ರಿಂದ ಮೂವತ್ತೆರಡು ವರ್ಷ ಸಣ್ಣ ಬದಲಾವಣೆಗಳು ಕೂಡುತ್ತಾ ಬಂದು, ಒಂದು ಹಂತ ದಾಟಿದ ಮೇಲೆ ಪಿಡುಗಾಗಿ ಒಡೆದಿದೆ. ವೈರಾಣುವಿನ ಆರ್‌ಎನ್‌ಎಯನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಶಕ್ತಿ ಇಲ್ಲ ಎಂಬುದನ್ನು ನೆನಪಿಡು. ಎಲ್ಲಕ್ಕೂ ಮೂಲ ಅದೇ.

ಪಿಪೆಟ್

ಮೇಷ್ಟ್ರೇ, ಕಿಣ್ವದ ಬಗ್ಗೆ ನೀವು ಹೇಳಿದ್ದು ಸರಿ. ಆದರೆ 2009ರ ವೈರಾಣು 1977ರ ವೈರಾಣುವಿನ ಸಂತಾನವಲ್ಲ. ಇಡೀ ಪ್ರಶ್ನೆಯ ಕೀಲಿ ಇಲ್ಲೇ ಇದೆ. ನಾನು ವೈರಾಣು ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇನ್ಫ್ಲುಯೆಂಜಾ ಎ ವೈರಾಣುವಿನ ಜೀನ್ ಸಾಮಗ್ರಿ ಒಂದೇ ಉದ್ದದ ದಾರವಲ್ಲ, ಎಂಟು ಬಿಡಿ ತುಂಡುಗಳು. ಎರಡು ಬೇರೆ ಬೇರೆ ಫ್ಲೂ ವೈರಾಣುಗಳು ಒಂದೇ ಜೀವಕೋಶಕ್ಕೆ ಹೊಕ್ಕರೆ ಅಲ್ಲಿ ಹದಿನಾರು ಬಗೆಯ ತುಂಡುಗಳ ನಕಲುಗಳು ರಾಶಿ ಬೀಳುತ್ತವೆ. ಹೊರಬರುವ ಮರಿ ವೈರಾಣು ಪ್ರತಿ ತುಂಡನ್ನೂ ಈ ತಾಯಿಯಿಂದ ಅಥವಾ ಆ ತಾಯಿಯಿಂದ ಪಡೆಯಬಹುದು. ಎರಡನ್ನು ಎಂಟು ಸಲ ಗುಣಿಸಿದರೆ 256 ಜೋಡಣೆಗಳು. ಅವುಗಳಲ್ಲಿ ಎರಡು ತಾಯಂದಿರ ಪ್ರತಿರೂಪ, ಉಳಿದ 254 ಹೊಸವು. ಅವುಗಳಲ್ಲಿ ಬಹುಪಾಲು ಕುಂಟುತ್ತವೆ, ಏಕೆಂದರೆ ಒಂದೆಡೆಯ ತುಂಡು ಇನ್ನೊಂದೆಡೆಯ ತುಂಡಿನ ಜೊತೆ ಚೆನ್ನಾಗಿ ಹೊಂದುವುದಿಲ್ಲ. ಎಲ್ಲೋ ಒಂದು ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ.

ಈಗ 2009ರ ವೈರಾಣುವಿನ ವಂಶಾವಳಿ ನೋಡಿ. ಅದರ ಎಂಟರಲ್ಲಿ ಆರು ತುಂಡುಗಳು ಉತ್ತರ ಅಮೆರಿಕದ ಹಂದಿಗಳಲ್ಲಿ 1990ರ ದಶಕದ ಕೊನೆಯಿಂದ ಓಡಾಡುತ್ತಿದ್ದ ಒಂದು ಮಿಶ್ರ ವೈರಾಣುವಿನಿಂದ ಬಂದವು. ಆ ಆರರಲ್ಲೇ ಹಕ್ಕಿ ಮೂಲದ್ದು ಎರಡು, ಮನುಷ್ಯರ ಎಚ್3ಎನ್2ನಿಂದ ಹಂದಿಗೆ ಹೋದದ್ದು ಒಂದು, ಹಂದಿಗಳ ಹಳೆಯ ವಂಶದ್ದು ಮೂರು. ಉಳಿದೆರಡು ತುಂಡುಗಳು ಯುರೋಪು ಮತ್ತು ಏಷ್ಯಾದ ಹಂದಿಗಳ ವೈರಾಣುವಿನವು, ಎನ್1 ತುಂಡು ಆ ಎರಡರಲ್ಲಿ ಒಂದು. ಮನುಷ್ಯರಲ್ಲಿ ಆಗ ಹರಡುತ್ತಿದ್ದ ಎಚ್1ಎನ್1ನ ಒಂದು ತುಂಡೂ ಅದರಲ್ಲಿ ಇರಲಿಲ್ಲ.

ಹಂದಿಗಳ ಹಳೆಯ ವಂಶದ್ದು ಎಂದೆನಲ್ಲ, ಆ ಮೂರರಲ್ಲಿ ಎಚ್1 ಸೇರಿದೆ. 1918ರ ಪಿಡುಗಿನ ಹೊತ್ತಿನಲ್ಲೇ ಎಚ್1ಎನ್1 ಹಂದಿಗಳಿಗೂ ಸೇರಿತು. 1930ರಲ್ಲಿ ರಿಚರ್ಡ್ ಶೋಪ್ ಹಂದಿಯಿಂದ ಬೇರ್ಪಡಿಸಿದ ಫ್ಲೂ ವೈರಾಣು ಅದೇ ವಂಶದ್ದು. ಒಂದೇ ಮನೆತನ ಎರಡು ಕವಲಾಯಿತು. ಮನುಷ್ಯರಲ್ಲಿ ಉಳಿದ ಕವಲು ನಮ್ಮ ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳುತ್ತಾ ವೇಗವಾಗಿ ಬದಲಾಯಿತು. ಹಂದಿಯಲ್ಲಿ ಉಳಿದ ಕವಲಿಗೆ ಅಂಥ ಒತ್ತಡ ಇರಲಿಲ್ಲ. ಸಾಕಿದ ಹಂದಿ ಕೆಲವೇ ತಿಂಗಳು ಬದುಕುತ್ತದೆ, ಒಂದು ಸಲ ಸೋಂಕು ಬಂದು ಎರಡನೆಯ ಸಲ ಬರುವಷ್ಟರಲ್ಲಿ ಹಿಂಡಿನಲ್ಲಿ ಹೊಸ ಮರಿಗಳಿರುತ್ತವೆ. ಹಾಗಾಗಿ ಹಂದಿಯ ಎಚ್1ನ ಹೊರರೂಪ ಎಂಬತ್ತು ವರ್ಷಗಳಲ್ಲಿ ನಿಧಾನವಾಗಿಯಷ್ಟೇ ಸರಿಯಿತು. 2009ರಲ್ಲಿ ಎರಡು ಕವಲುಗಳು ಎದುರಾದಾಗ ಅವುಗಳ ಎಚ್ ಪ್ರೋಟೀನಿನಲ್ಲಿ ಸುಮಾರು ಐದರಲ್ಲಿ ಒಂದು ಅಮೈನೊ ಆಮ್ಲ ಬೇರೆಯಾಗಿತ್ತು. ವ್ಯತ್ಯಾಸಗಳು ಹೆಚ್ಚಾಗಿ ಇದ್ದದ್ದು ಪ್ರತಿಕಾಯ ಅಂಟಿಕೊಳ್ಳುವ ತಲೆಯ ಭಾಗದಲ್ಲಿ. ಹೆಸರು ಒಂದೇ, ಆದರೆ ಮೂವತ್ತು ವರ್ಷ ವಯಸ್ಸಿನವನ ಪ್ರತಿಕಾಯಗಳಿಗೆ ಅದು ಅಪರಿಚಿತ ಮುಖ.

ರಾಘವೇಂದ್ರ ಪಿ.

ಇದನ್ನು ಓದಿ ನಮ್ಮ ಮನೆಯಲ್ಲೇ ನಡೆದದ್ದು ನೆನಪಾಯಿತು. 2009ರಲ್ಲಿ ನನಗೆ 34, ಮಗಳಿಗೆ 6, ತಂದೆಗೆ 78. ಮೊದಲು ಮಗಳಿಗೆ ಜ್ವರ ಬಂತು, ಮೂರನೆಯ ದಿನ ನನಗೆ. ಇಬ್ಬರಿಗೂ ಪರೀಕ್ಷೆಯಲ್ಲಿ ಎಚ್1ಎನ್1 ಖಚಿತವಾಯಿತು. ಮಗಳ ಪಕ್ಕದಲ್ಲೇ ಮಲಗುತ್ತಿದ್ದ ಅಪ್ಪನಿಗೆ ನೆಗಡಿಯೂ ಆಗಲಿಲ್ಲ. ಮಧುಮೇಹ ಇದ್ದ ಅವರನ್ನು ಕುರಿತೇ ನಾವೆಲ್ಲ ಹೆದರಿಕೊಂಡಿದ್ದೆವು. ದೇವರ ದಯೆ ಎಂದುಕೊಂಡೆವು. ಇದಕ್ಕೆ ಬೇರೆ ಕಾರಣ ಇದ್ದೀತೇ?

ಇನ್ನೊಂದು ಸಂಗತಿ. 2014ರ ಕೊನೆಯಲ್ಲಿ ಕೆಲಸದ ಮೇಲೆ ಅಮೆರಿಕದಲ್ಲಿದ್ದೆ. ಫ್ಲೂ ಲಸಿಕೆ ಹಾಕಿಸಿಕೊಂಡ ಎರಡೇ ತಿಂಗಳಿಗೆ ಮತ್ತೆ ಫ್ಲೂ ಬಂತು. ಅಂದಿನಿಂದ ಲಸಿಕೆಯ ಮೇಲೆ ನನಗೆ ನಂಬಿಕೆ ಹೋಗಿದೆ. ಲಸಿಕೆ ಹಾಳಾಗಿದ್ದಿರಬೇಕು.

ಪಿಪೆಟ್

ರಾಘವೇಂದ್ರ ಅವರೇ, ಒಂದು ಮನೆಯ ಅನುಭವದಿಂದ ತೀರ್ಮಾನ ಮಾಡಲಾಗದು. ಆದರೆ ನಿಮ್ಮ ತಂದೆಯವರ ಪಾಡು ಒಬ್ಬರದ್ದಲ್ಲ. 2009ರ ಮೇ ತಿಂಗಳಲ್ಲೇ ಅಮೆರಿಕದ ಸಿಡಿಸಿ ಸಂಸ್ಥೆ ಮೊದಲಿನಿಂದ ಶೇಖರಿಸಿಟ್ಟಿದ್ದ ರಕ್ತಸಾರಗಳನ್ನು ಹೊಸ ವೈರಾಣುವಿನ ಎದುರು ಪರೀಕ್ಷಿಸಿತು. ಮಕ್ಕಳ ರಕ್ತಸಾರದಲ್ಲಿ ಅದನ್ನು ತಡೆಯುವ ಪ್ರತಿಕಾಯ ಸಿಗಲಿಲ್ಲ. 18ರಿಂದ 64ರ ವಯಸ್ಸಿನವರಲ್ಲಿ ಶೇ 6ರಿಂದ 9ರಷ್ಟು ಮಂದಿಗೆ ಇತ್ತು. 60 ದಾಟಿದವರಲ್ಲಿ ಶೇ 33. ಯಾರೂ ಆ ವೈರಾಣುವನ್ನು ಕಂಡಿರದ ಕಾಲದಲ್ಲಿ ತೆಗೆದಿಟ್ಟ ರಕ್ತ ಅದು ಎಂಬುದನ್ನು ಗಮನಿಸಿ.

ನಿಮ್ಮ ತಂದೆ ಹುಟ್ಟಿದ್ದು 1931ರ ಸುಮಾರಿಗೆ ಇರಬೇಕು. ಬಾಲ್ಯದಲ್ಲಿ ಅವರಿಗೆ ಬಂದ ಫ್ಲೂ 1918ರ ವೈರಾಣುವಿನ ಹತ್ತಿರದ ಸಂತಾನವೇ. ಹಂದಿಯ ಕವಲು ಹೆಚ್ಚು ಬದಲಾಗದೆ ಉಳಿದದ್ದರಿಂದ 2009ರಲ್ಲಿ ಮರಳಿ ಬಂದ ಮುಖ ಅವರ ದೇಹಕ್ಕೆ ಹಳೆಯ ಪರಿಚಯ. ನಿಮಗೂ ಮಗಳಿಗೂ ಆ ಪರಿಚಯ ಇರಲಿಲ್ಲ.

ಇದಕ್ಕೆ ಇನ್ನೊಂದು ಸಾಕ್ಷಿ ಪ್ರೋಟೀನಿನ ಮೇಲೇ ಇದೆ. ಮನುಷ್ಯರಲ್ಲಿ ಓಡಾಡಿದ ಎಚ್1 ಕಾಲಕ್ರಮದಲ್ಲಿ ತಲೆಯ ಮೇಲೆ ಸಕ್ಕರೆಯ ಸರಪಳಿಗಳನ್ನು ಬೆಳೆಸಿಕೊಂಡಿತು. ಅವು ಪ್ರತಿಕಾಯಕ್ಕೆ ಅಡ್ಡ ಬರುವ ತೆರೆ. 1918ರ ವೈರಾಣುವಿಗೂ 2009ರದ್ದಕ್ಕೂ ಆ ಜಾಗ ಬರಿದಾಗಿತ್ತು. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದನ್ನು ಹಿಡಿಯಲು ಇದೂ ಒಂದು ಕಾರಣ.

ಒಂದು ಎಚ್ಚರಿಕೆ. ವೃದ್ಧರಿಗೆ ಸೋಂಕು ತಗಲುವುದು ಕಡಿಮೆಯಿತ್ತು, ಆದರೆ ತಗಲಿದವರಲ್ಲಿ ಸಾವಿನ ಅಪಾಯ ಹೆಚ್ಚೇ ಇತ್ತು. ನೀವು ಹೆದರಿದ್ದು ತಪ್ಪಲ್ಲ. ಲಸಿಕೆಯ ವಿಷಯಕ್ಕೆ ಬೇರೆಯಾಗಿ ಬರೆಯುತ್ತೇನೆ. ಅದು ಹಾಳಾಗಿರಲಿಲ್ಲ.

ನಿವೃತ್ತ ಮೇಷ್ಟ್ರು

ವಂಶಾವಳಿ ನನಗೆ ತಿಳಿದಿರಲಿಲ್ಲ. ಮೂವತ್ತೆರಡು ವರ್ಷದ ಹನಿಗಳ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಚೈತ್ರಾ, ತಪ್ಪು ಹೇಳಿದ್ದಕ್ಕೆ ಕ್ಷಮಿಸು.

ವೃದ್ಧರ ನೆನಪಿನ ಸಂಗತಿ ಓದುವಾಗ 1957 ಕಣ್ಮುಂದೆ ಬಂತು. ಆ ವರ್ಷದ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಲಕ್ಷಾಂತರ ಜನ ಫ್ಲೂನಿಂದ ಮಲಗಿದ್ದಾರೆ ಎಂಬ ಪತ್ರಿಕಾ ವರದಿಯನ್ನು ಅಮೆರಿಕದ ಸೇನಾ ಸಂಶೋಧಕ ಮಾರಿಸ್ ಹಿಲ್ಲೆಮನ್ ಓದಿದರು. ಕೂಡಲೇ ಅಲ್ಲಿಂದ ವೈರಾಣು ತರಿಸಿಕೊಂಡು ಸಾಕಷ್ಟು ಜನರ ರಕ್ತಸಾರದೊಡನೆ ಪರೀಕ್ಷಿಸಿದರು. ಬಹುತೇಕ ಯಾರಲ್ಲೂ ಅದರ ಪ್ರತಿಕಾಯ ಇರಲಿಲ್ಲ. ಇದ್ದದ್ದು ಎಪ್ಪತ್ತು, ಎಂಬತ್ತು ದಾಟಿದ ಕೆಲವರಲ್ಲಿ ಮಾತ್ರ. ಅವರೆಲ್ಲ 1889–90ರ ಪಿಡುಗನ್ನು ಕಂಡು ಬದುಕಿದ್ದವರು. ಅದನ್ನು ನೋಡಿಯೇ ಪಿಡುಗು ಬರುತ್ತಿದೆ ಎಂದು ಅವರು ಎಚ್ಚರಿಸಿದರು, ಲಸಿಕೆ ತಯಾರಕರನ್ನು ಬೇಗ ಕೆಲಸಕ್ಕೆ ಹಚ್ಚಿದರು. ವೈರಾಣುವಿನ ಜೀನ್ ಓದುವ ವಿದ್ಯೆ ಆಗ ಇರಲಿಲ್ಲ. ಜನರ ರಕ್ತವನ್ನು ಕೇಳಿ ತಿಳಿದುಕೊಂಡರು. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು.

ಪಿಪೆಟ್

ಮೇಷ್ಟ್ರೇ, ನೀವು ಹೇಳಿದ ಪರೀಕ್ಷೆಯ ಹತ್ತಿರದ ಬಂಧು ಇಂದಿಗೂ ನಮ್ಮ ಮೇಜಿನ ಮೇಲಿದೆ. ರಾಘವೇಂದ್ರ ಅವರ ಎರಡನೆಯ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ.

ಎಚ್ ಪ್ರೋಟೀನಿಗೆ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವ ಗುಣವಿದೆ. ಗುಳಿಗಳಿರುವ ತಟ್ಟೆಯಲ್ಲಿ ವೈರಾಣು ಮತ್ತು ರಕ್ತಕಣ ಬೆರೆಸಿದರೆ ಕಣಗಳು ಜಾಲದಂತೆ ಹರಡಿ ನಿಲ್ಲುತ್ತವೆ. ಪ್ರತಿಕಾಯ ಸೇರಿಸಿ ಎಚ್ ಪ್ರೋಟೀನನ್ನು ಮುಚ್ಚಿಬಿಟ್ಟರೆ ಅಂಟಿಸುವ ಕೆಲಸ ನಿಂತು, ಕಣಗಳು ಗುಳಿಯ ತಳದಲ್ಲಿ ಕೆಂಪು ಗುಂಡಿಯಂತೆ ಕೂರುತ್ತವೆ. ರಕ್ತಸಾರವನ್ನು ಹತ್ತು ಪಟ್ಟು, ಇಪ್ಪತ್ತು, ನಲವತ್ತು, ಹೀಗೆ ಇಮ್ಮಡಿಸುತ್ತಾ ತೆಳುವಾಗಿಸಿ, ಎಷ್ಟು ತೆಳುವಾದರೂ ಗುಂಡಿ ಕೂರುತ್ತದೆ ಎಂದು ನೋಡುತ್ತೇವೆ. ರಕ್ತಸಾರ ಹೆಚ್ಚಾಗಿ ಫೆರೆಟ್ ಎಂಬ ಪ್ರಾಣಿಯದ್ದು. ಹಿಂದೆಂದೂ ಫ್ಲೂ ಕಾಣದ ಫೆರೆಟ್‌ಗೆ ಒಂದೇ ವೈರಾಣುವಿನ ಸೋಂಕು ಕೊಟ್ಟು ತೆಗೆದದ್ದಾದ್ದರಿಂದ ಅದರ ಉತ್ತರದಲ್ಲಿ ಗೊಂದಲ ಇರುವುದಿಲ್ಲ.

ಉದಾಹರಣೆಗೆ, ಲಸಿಕೆಯಲ್ಲಿರುವ ವೈರಾಣುವಿನ ವಿರುದ್ಧ ಪಡೆದ ರಕ್ತಸಾರ ಅದೇ ವೈರಾಣುವನ್ನು 1280 ಪಟ್ಟು ತೆಳುವಾದಾಗಲೂ ತಡೆಯುತ್ತದೆ ಎನ್ನಿ. ಈ ವರ್ಷ ರೋಗಿಯಿಂದ ಸಿಕ್ಕ ವೈರಾಣುವನ್ನು 640 ಅಥವಾ 320ರವರೆಗೆ ತಡೆದರೆ ಚಿಂತೆಯಿಲ್ಲ, ಎರಡೂ ಒಂದೇ ಬಗೆಯವು ಎನ್ನುತ್ತೇವೆ. 160ಕ್ಕೇ ಸೋತರೆ ಎಂಟು ಪಟ್ಟು ಇಳಿಕೆ. ಆಗ ಡ್ರಿಫ್ಟ್ ಆಗಿದೆ ಎಂದು ಬರೆದುಕೊಳ್ಳುತ್ತೇವೆ. ಡ್ರಿಫ್ಟ್ ಎಂದರೆ ಕೇವಲ ಜೀನ್ ಬದಲಾವಣೆಯಲ್ಲ. ಹತ್ತು ಅಮೈನೊ ಆಮ್ಲ ಬದಲಾದರೂ ಈ ಸಂಖ್ಯೆ ಅಲುಗದೆ ಇರಬಹುದು. ಆಯಕಟ್ಟಿನ ಜಾಗದಲ್ಲಿ ಒಂದೇ ಒಂದು ಬದಲಾದರೆ ಸಂಖ್ಯೆ ಕುಸಿಯಬಹುದು. ಎಚ್3ಎನ್2ನಲ್ಲಿ 1968ರಿಂದ 2003ರವರೆಗಿನ ದೊಡ್ಡ ಜಿಗಿತಗಳಿಗೆಲ್ಲ ಏಳೇ ಏಳು ಸ್ಥಾನಗಳು ಮುಖ್ಯ ಕಾರಣ ಎಂದು ನೆದರ್‌ಲೆಂಡ್ಸ್‌ನ ಗುಂಪೊಂದು 2013ರಲ್ಲಿ ತೋರಿಸಿತು. ಏಳೂ ಇರುವುದು ಜೀವಕೋಶಕ್ಕೆ ಅಂಟಿಕೊಳ್ಳುವ ಗುಳಿಯ ಅಂಚಿನಲ್ಲಿ. ಅವುಗಳಲ್ಲಿ ಒಂದು 159ನೆಯ ಸ್ಥಾನ.

ಈಗ ನಿಮ್ಮ 2014. ಉತ್ತರಾರ್ಧಗೋಳದ ಲಸಿಕೆಗೆ ವೈರಾಣುಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಫೆಬ್ರುವರಿಯಲ್ಲೇ ಆರಿಸಬೇಕು, ಏಕೆಂದರೆ ಅವುಗಳನ್ನು ಹೆಚ್ಚಾಗಿ ಕೋಳಿಮೊಟ್ಟೆಯಲ್ಲಿ ಬೆಳೆಸಿ ಲಸಿಕೆ ಮಾಡಲು ಅರ್ಧ ವರ್ಷ ಬೇಕು. ಆ ಸಲ ಎಚ್3ಎನ್2ಗೆ 2012ರ ಟೆಕ್ಸಾಸ್ ವೈರಾಣುವನ್ನು ಆರಿಸಿದರು. ಆಯ್ಕೆ ಮುಗಿದ ಮೇಲೆ 159ನೆಯ ಸ್ಥಾನದಲ್ಲಿ ಬದಲಾದ ಕವಲುಗಳು ಮೇಲೆದ್ದವು. ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧಗೋಳದ ಲಸಿಕೆಗೆ ಬೇರೆ ವೈರಾಣುವನ್ನು ಸೂಚಿಸಲಾಯಿತು, ಆದರೆ ಉತ್ತರದ ಲಸಿಕೆ ಅಷ್ಟರಲ್ಲಿ ತಯಾರಾಗಿಬಿಟ್ಟಿತ್ತು. ಆ ಋತುವಿನಲ್ಲಿ ಅಮೆರಿಕದಲ್ಲಿ ಲಸಿಕೆಯ ಒಟ್ಟು ಪರಿಣಾಮ ಶೇ 20ರ ಆಸುಪಾಸಿಗೆ ಇಳಿಯಿತು, ಎಚ್3ಎನ್2 ವಿರುದ್ಧ ಇನ್ನೂ ಕಡಿಮೆ. ನಿಮಗೆ ಬಂದದ್ದು ಬಹುಶಃ ಇದೇ ಕವಲು. ಪರೀಕ್ಷೆಯ ವರದಿ ಇಲ್ಲದೆ ಖಚಿತವಾಗಿ ಹೇಳಲಾರೆ.

ಸುಮಂಗಲಾ

ನಾನು ಔಷಧ ಅಂಗಡಿ ನಡೆಸುತ್ತೇನೆ. ಒಸೆಲ್ಟಾಮಿವಿರ್ ಮಾತ್ರೆಗೆ ಬಗ್ಗದ ಫ್ಲೂ ಬಂದಿದೆ ಎಂದು ಒಂದು ಕಾಲದಲ್ಲಿ ಸುತ್ತೋಲೆ ಬಂದಿತ್ತು. ಅದೂ ಇದೇ ಡ್ರಿಫ್ಟ್ ತಾನೇ? ವೈರಾಣು ಬದಲಾದಾಗಲೆಲ್ಲ ಮಾತ್ರೆಯನ್ನೂ ಬದಲಿಸಬೇಕೇ?

ಪಿಪೆಟ್

ಅದು ಬೇರೆ ಸಂಗತಿ, ಸುಮಂಗಲಾ ಅವರೇ. ಡ್ರಿಫ್ಟ್‌ನಲ್ಲಿ ವೈರಾಣು ತಪ್ಪಿಸಿಕೊಳ್ಳುವುದು ಪ್ರತಿಕಾಯದಿಂದ, ನೀವು ಹೇಳುತ್ತಿರುವುದು ಔಷಧದಿಂದ ತಪ್ಪಿಸಿಕೊಂಡದ್ದು. 2007–08ರಿಂದ ಋತುಮಾನದ ಎಚ್1ಎನ್1ನ ಎನ್ ಪ್ರೋಟೀನಿನಲ್ಲಿ ಒಂದು ಬದಲಾವಣೆ ಜಗತ್ತಿನ ತುಂಬ ಹರಡಿ ಆ ಮಾತ್ರೆ ಕೆಲಸಕ್ಕೆ ಬಾರದಂತಾಯಿತು. ಆಮೇಲೆ 2009ರ ವೈರಾಣು ಬಂದು ಆ ಇಡೀ ವಂಶವನ್ನೇ ಮನುಷ್ಯರಲ್ಲಿ ಇಲ್ಲವಾಗಿಸಿತು. ಹೊಸದರ ಎನ್ ತುಂಡು ಹಂದಿಗಳ ಬೇರೆ ವಂಶದಿಂದ ಬಂದದ್ದಾದ್ದರಿಂದ ಮಾತ್ರೆ ಮತ್ತೆ ಕೆಲಸ ಮಾಡತೊಡಗಿತು.

ಚೈತ್ರಾ_04

ಸರ್, ಈಗ ಚಿತ್ರ ತಿಳಿಯಾಗುತ್ತಿದೆ. ಹಾಗಿದ್ದರೆ ಸಂಖ್ಯೆಯನ್ನು ನೋಡುವ ಬದಲು ಜನರ ರಕ್ತದಲ್ಲಿ ಪರಿಚಯ ಇದೆಯೇ ಎಂದು ನೋಡಬೇಕು. ಪರಿಚಯ ಇಲ್ಲದ ಎಚ್ ಬಂತೆಂದರೆ ಪಿಡುಗು. ಇಷ್ಟು ಸರಿಯೇ? ಮತ್ತೆ ಎಚ್5ಎನ್1 ಹಕ್ಕಿಜ್ವರ ಏಕೆ ಪಿಡುಗಾಗಿಲ್ಲ?

ಪಿಪೆಟ್

ಅರ್ಧ ಸರಿ. ಪರಿಚಯ ಇಲ್ಲದಿರುವುದು ಬೇಕು, ಆದರೆ ಸಾಲದು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ತಗಲಿದ್ದು 18 ಜನರಿಗೆ, ಸತ್ತವರು 6. ಯಾರ ರಕ್ತದಲ್ಲೂ ಎಚ್5ನ ಪರಿಚಯ ಇರಲಿಲ್ಲ. ಆದರೂ ಹರಡಲಿಲ್ಲ, ಏಕೆಂದರೆ ಹಕ್ಕಿಯ ವೈರಾಣು ಅಂಟಿಕೊಳ್ಳಲು ಬಯಸುವ ಸಕ್ಕರೆಯ ಕೊಂಡಿ ನಮ್ಮ ಮೂಗು ಗಂಟಲಿನಲ್ಲಿ ವಿರಳ. ಅಲ್ಲಿ ಬೆಳೆಯದ ವೈರಾಣು ಕೆಮ್ಮಿನಲ್ಲಿ ಹೊರಬೀಳುವುದಿಲ್ಲ. 1957ರ ಮತ್ತು 1968ರ ವೈರಾಣುಗಳು ಈ ತೊಡಕನ್ನು ದಾಟಿದ್ದು ಹಳೆಯ ಮಾನವ ವೈರಾಣುವಿನ ಬಹುಪಾಲು ತುಂಡುಗಳನ್ನು ಉಳಿಸಿಕೊಂಡು. 1957ರಲ್ಲಿ ಹಕ್ಕಿಯಿಂದ ಬಂದ ತುಂಡುಗಳು ಮೂರು, 1968ರಲ್ಲಿ ಎರಡೇ. ಜೊತೆಗೆ ಹೊಸ ಎಚ್ ಪ್ರೋಟೀನಿನ ಅಂಟುವ ಗುಳಿಯೂ ಮನುಷ್ಯರಿಗೆ ತಕ್ಕಂತೆ ಬದಲಾಗಿತ್ತು.

1968ರಲ್ಲಿ ಎನ್2 ಹಾಗೆಯೇ ಉಳಿದಿತ್ತು. ಜನರಲ್ಲಿ ಹನ್ನೊಂದು ವರ್ಷದಿಂದ ಎನ್2 ವಿರುದ್ಧ ಪ್ರತಿಕಾಯ ಇದ್ದದ್ದು ಆ ಪಿಡುಗಿನ ಉಗ್ರತೆಯನ್ನು ಕೊಂಚ ತಗ್ಗಿಸಿತು ಎಂದು ನಾವು ನಂಬುತ್ತೇವೆ. ಅಂದರೆ ಶಿಫ್ಟ್ ಕೂಡ ಪೂರ್ತಿ ಆಗಬಹುದು, ಅರೆಬರೆಯೂ ಆಗಬಹುದು.

ಇನ್ನೊಂದನ್ನು ಗಟ್ಟಿಯಾಗಿ ಹೇಳಬೇಕು. ಡ್ರಿಫ್ಟ್ ಸಣ್ಣದು, ಶಿಫ್ಟ್ ದೊಡ್ಡದು ಎಂಬ ಮಾತಿನಿಂದ ಋತುಮಾನದ ಫ್ಲೂ ಹಗುರ ಎಂಬ ಭಾವನೆ ಬಂದುಬಿಡುತ್ತದೆ. 2009ರ ಪಿಡುಗಿನ ಮೊದಲ ವರ್ಷದ ಸಾವುಗಳ ಅಂದಾಜು ಒಂದೂವರೆ ಲಕ್ಷದಿಂದ ಐದೂಮುಕ್ಕಾಲು ಲಕ್ಷ. ಋತುಮಾನದ ಫ್ಲೂನಿಂದ ಪ್ರತಿ ವರ್ಷ ಉಸಿರಾಟದ ತೊಂದರೆಯಿಂದ ಸಾಯುವವರು 2.9 ಲಕ್ಷದಿಂದ 6.5 ಲಕ್ಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತೀರ ಬೇರೆಯಾಗಿದ್ದದ್ದು ವಯಸ್ಸು. ಋತುಮಾನದ ಫ್ಲೂ ಹೆಚ್ಚಾಗಿ ವೃದ್ಧರನ್ನು ಒಯ್ಯುತ್ತದೆ, 2009ರಲ್ಲಿ ಸತ್ತವರಲ್ಲಿ ಸುಮಾರು ಶೇ 80 ಮಂದಿ 65ಕ್ಕಿಂತ ಚಿಕ್ಕವರು.

ಅನಂತ ಓದುಗ

ಎಲ್ಲರೂ 1977ನ್ನು ದಾಟಿಕೊಂಡು ಹೋಗುತ್ತಿದ್ದೀರಿ. 1957ರಲ್ಲಿ ಮರೆಯಾದ ಎಚ್1ಎನ್1 ಇಪ್ಪತ್ತು ವರ್ಷ ಬಿಟ್ಟು ಮರಳಿತು, ಅದೂ 1950ರ ಸುಮಾರಿನ ವೈರಾಣುವಿನ ಪಡಿಯಚ್ಚಿನಂತೆ. ಮೇಷ್ಟ್ರು ಹೇಳಿದ ಹಾಗೆ ತಪ್ಪು ತಿದ್ದದ ಕಿಣ್ವ ಇದ್ದರೆ ಅಷ್ಟು ವರ್ಷ ಬದಲಾಗದೆ ಇರಲು ಹೇಗೆ ಸಾಧ್ಯ? ಯಾವುದೋ ಪ್ರಯೋಗಾಲಯದ ಶೀತಕಪಾಟಿನಿಂದಲೇ ಬಂದಿರಬೇಕು. ಇದು ಡ್ರಿಫ್ಟೋ ಶಿಫ್ಟೋ?

ಪಿಪೆಟ್

ಎರಡೂ ಅಲ್ಲ. ತುಂಡುಗಳ ಹೊಸ ಜೋಡಣೆ ಆಗಿರಲಿಲ್ಲ, ಬದಲಾವಣೆಯೂ ಕೂಡಿರಲಿಲ್ಲ. ಅದರ ಹೊಡೆತ ಬಿದ್ದದ್ದು ಹೆಚ್ಚಾಗಿ ಇಪ್ಪತ್ತೈದರೊಳಗಿನವರಿಗೆ. ಅದಕ್ಕಿಂತ ಹಿರಿಯರು 1957ಕ್ಕೆ ಮೊದಲೇ ಎಚ್1ಎನ್1 ಕಂಡಿದ್ದರು. ಎಲ್ಲೋ ಹೆಪ್ಪುಗಟ್ಟಿ ಉಳಿದಿತ್ತು ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಪ್ರಯೋಗಾಲಯದಿಂದ ಅಕಸ್ಮಾತ್ ಸೋರಿತೇ, ಲಸಿಕೆಯ ಪ್ರಯೋಗವೊಂದರಲ್ಲಿ ಸರಿಯಾಗಿ ದುರ್ಬಲಗೊಳಿಸದ ವೈರಾಣು ಹೊರಬಿತ್ತೇ ಎಂಬುದು ಸಾಬೀತಾಗಿಲ್ಲ. ‘ಇರಬೇಕು’ ಎಂಬಲ್ಲಿ ‘ಇರಬಹುದು’ ಎಂದು ಬರೆಯಿರಿ ಎಂದಷ್ಟೇ ನನ್ನ ವಿನಂತಿ.

ಅನಂತ ಓದುಗ

ಸಹಜವಾದ ಬೇರೆ ದಾರಿಯನ್ನು ಯಾರೂ ತೋರಿಸಿಲ್ಲದಿರುವಾಗ ‘ಇರಬೇಕು’ ಎನ್ನುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ನನ್ನ ಮಾತನ್ನು ಹಾಗೆಯೇ ಬಿಡುತ್ತೇನೆ.

ರಾಘವೇಂದ್ರ ಪಿ.

ಪಿಪೆಟ್ ಅವರೇ, ಲಸಿಕೆ ಹಾಳಾಗಿರಲಿಲ್ಲ ಎಂದು ಈಗ ಒಪ್ಪುತ್ತೇನೆ. ಆದರೆ ಆರು ತಿಂಗಳು ಮೊದಲೇ ಆರಿಸುವ ಕ್ರಮ ಇರುವವರೆಗೆ ಇದು ಮತ್ತೆ ಮತ್ತೆ ಆಗುವುದಿಲ್ಲವೇ?

ಪಿಪೆಟ್

ಆಗುತ್ತದೆ, ಎಚ್3ಎನ್2ನಲ್ಲಿ ಹೆಚ್ಚು. ಎಲ್ಲ ವಂಶಗಳ ವೇಗ ಒಂದೇ ಅಲ್ಲ. 2009ರ ಎಚ್1ಎನ್1 ಪಿಡುಗು ಮುಗಿದ ಮೇಲೆ ತಾನೇ ಋತುಮಾನದ ಫ್ಲೂ ಆಯಿತು. ಅದರ ಲಸಿಕೆಗೆ ಆರಿಸಿದ 2009ರ ಕ್ಯಾಲಿಫೋರ್ನಿಯಾ ವೈರಾಣುವನ್ನು ಬದಲಿಸಲು ಶಿಫಾರಸು ಬಂದದ್ದು 2016ರಲ್ಲಿ. ಅಷ್ಟು ವರ್ಷ ಒಂದೇ ವೈರಾಣು ಸಾಕಾಯಿತು. ಜನರಲ್ಲಿ ಪ್ರತಿಕಾಯ ತುಂಬಿಕೊಂಡ ಮೇಲೆಯೇ ಅದಕ್ಕೆ ತಪ್ಪಿಸಿಕೊಳ್ಳುವ ಒತ್ತಡ ಬಿದ್ದದ್ದು. ಮೊಟ್ಟೆ ಬೇಡದ ಲಸಿಕೆಗಳಿಂದ ಆಯ್ಕೆಗೂ ಚುಚ್ಚುಮದ್ದಿಗೂ ನಡುವಿನ ಕಾಲ ಕುಗ್ಗಬಹುದು. ಪೂರ್ತಿ ಇಲ್ಲವಾಗುವುದಿಲ್ಲ.

ಚೈತ್ರಾ_04

ಕೊನೆಯ ಪ್ರಶ್ನೆ. ರಾಘವೇಂದ್ರ ಅವರ ತಂದೆಯ ಹಾಗೆ ಮೊದಲ ಫ್ಲೂ ಅಷ್ಟು ಆಳವಾಗಿ ಉಳಿಯುವುದಾದರೆ, 2004ರಲ್ಲಿ ಹುಟ್ಟಿದ ನನ್ನ ರಕ್ತದಲ್ಲಿ ಇರುವ ಮೊದಲ ಪರಿಚಯ ಯಾವುದು?

ಪಿಪೆಟ್

1960ರಲ್ಲಿ ಹುಟ್ಟಿದ್ದರೆ ಸುಲಭವಾಗಿ ಹೇಳುತ್ತಿದ್ದೆ. ಆಗ ಮನುಷ್ಯರಲ್ಲಿ ಇದ್ದ ಇನ್ಫ್ಲುಯೆಂಜಾ ಎ ಎಚ್2ಎನ್2 ಒಂದೇ. 1977ರ ನಂತರ ಎರಡು ವಂಶಗಳು ಜೊತೆಯಲ್ಲಿವೆ. ನಿಮ್ಮ ಮೊದಲ ಫ್ಲೂ ಎಚ್3ಎನ್2 ಆಗಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಆ ವರ್ಷಗಳಲ್ಲಿ ಅದರದ್ದೇ ಮೇಲುಗೈ. ಆದರೆ ಹಳೆಯ ಎಚ್1ಎನ್1 ಕೂಡ ಇತ್ತು, ಮತ್ತು ಐದನೆಯ ವಯಸ್ಸಿನವರೆಗೆ ಫ್ಲೂ ಬಾರದೆ ಇದ್ದಿದ್ದರೆ 2009ರದ್ದೇ ಮೊದಲನೆಯದಾಗಿರಬಹುದು. ಈಗ ರಕ್ತ ಪರೀಕ್ಷಿಸಿದರೆ ಮೂರರ ಗುರುತೂ ಸಿಕ್ಕೀತು, ಯಾವುದು ಮೊದಲು ಬಂತು ಎಂದು ಅದರಿಂದ ಬೇರ್ಪಡಿಸುವುದು ಕಷ್ಟ. ಬಾಲ್ಯದಲ್ಲಿ ತೆಗೆದಿಟ್ಟ ರಕ್ತಸಾರ ಎಲ್ಲಾದರೂ ಇದೆಯೇ ಎಂದು ಮನೆಯಲ್ಲಿ ಕೇಳಿ ನೋಡಿ.